‘ಈಗ ಎಷ್ಟು ತಗೋತಿದ್ದೀರಾ?’ ಎಂಬ ಪ್ರಶ್ನೆಗೆ

‘ಈಗ ಎಷ್ಟು ಸಂಬಳ ತಗೋತಿದ್ದೀರಾ?’ ಎಂದು ಕೆಲಸ ಕೊಡಿಸುವವರು ಫೋನಿನಲ್ಲಿ ಕೇಳಿದರೆ, ಅದಕ್ಕೆ ಮೊದಲ ಉಸಿರಿನಲ್ಲೇ ಉತ್ತರ ಕೊಡಬೇಡಿ. ಸುಳ್ಳನ್ನಂತೂ ಹೇಳಲೇಬೇಡಿ. ‘ಈ ಕೆಲಸಕ್ಕೆ ನೀವು ಇಟ್ಟಿರುವ ಮೊತ್ತ ಎಷ್ಟು?’ ಎಂದು ಮೊದಲು ಕೇಳಿ. ಈ ಬರಹದ ವಾದ ಇಷ್ಟೇ. ಆದರೆ ಹಾಸನದ ಸುತ್ತಮುತ್ತಲ ಕಾಲೇಜುಗಳಲ್ಲಿ ‘ಪ್ಲೇಸ್‌ಮೆಂಟ್ ಟ್ರೈನಿಂಗ್’ ಹೆಸರಿನಲ್ಲಿ ಕಲಿಸುವುದು ಇದಕ್ಕೆ ಸರಿಯಾಗಿ ವಿರುದ್ಧವಾದದ್ದನ್ನು. ಅದಕ್ಕೇ ಇದನ್ನು ಸ್ವಲ್ಪ ಜಗಳದ ದನಿಯಲ್ಲೇ ಬರೆಯಬೇಕಾಗಿದೆ.

ನಾನು ಭಾಷೆಯ ವಿದ್ಯಾರ್ಥಿ. ಸಂಶೋಧನೆಗೆ ಆಯ್ದುಕೊಂಡದ್ದು ಮಾತುಕತೆಯ ಕನ್ನಡ. ಯಾರು ಮೊದಲು ಮಾತಾಡುತ್ತಾರೆ, ಯಾರು ಪ್ರಶ್ನೆ ಕೇಳುತ್ತಾರೆ, ಯಾರು ಬರೀ ಉತ್ತರ ಕೊಡುತ್ತಾರೆ ಎಂಬುದನ್ನು ಗಮನಿಸುವುದೇ ನನ್ನ ಕೆಲಸ. ಆ ದೃಷ್ಟಿಯಿಂದ ನೋಡಿದರೆ ರಿಕ್ರೂಟರ್ ಮಾಡುವ ಮೊದಲ ಕರೆಯಷ್ಟು ಏಕಮುಖವಾದ ಮಾತುಕತೆ ಇನ್ನೊಂದಿಲ್ಲ. ಹತ್ತು ಹದಿನೈದು ನಿಮಿಷದ ಆ ಕರೆಯಲ್ಲಿ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಒಪ್ಪಿಸುತ್ತಾರೆ.

ಆ ಕಡೆ ಕೂತವರ ಮುಂದೆ ಏನಿರುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಸಾಮಾನ್ಯವಾಗಿ ಒಂದು ಎಕ್ಸೆಲ್ ಹಾಳೆ ಅಥವಾ ಅಂಥದ್ದೇ ಒಂದು ತಂತ್ರಾಂಶ. ಅದರಲ್ಲಿ ಕಾಲಂಗಳಿರುತ್ತವೆ: ಒಟ್ಟು ಅನುಭವ, ಈ ಕೆಲಸಕ್ಕೆ ಹೊಂದುವ ಅನುಭವ, ಈಗಿನ ಸಿಟಿಸಿ, ನಿರೀಕ್ಷಿತ ಸಿಟಿಸಿ, ನೋಟಿಸ್ ಪೀರಿಯಡ್, ಈಗಿರುವ ಊರು, ಊರು ಬಿಟ್ಟು ಬರಲು ಸಿದ್ಧವೇ. ಸಿಟಿಸಿ ಅಂದರೆ ಒಬ್ಬ ನೌಕರರ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಕೈಗೆ ಬರುವ ಸಂಬಳವಲ್ಲ. ಈ ಕಾಲಂಗಳನ್ನು ತುಂಬಿ ಮುಂದಿನವರಿಗೆ ದಾಟಿಸುವುದೇ ಆ ಕರೆಯ ಉದ್ದೇಶ. ನಿಮ್ಮ ಪಾಂಡಿತ್ಯದ ಪರೀಕ್ಷೆ ಅಲ್ಲಿ ನಡೆಯುವುದಿಲ್ಲ. ಕರೆ ಮಾಡಿದವರು ಕನ್ಸಲ್ಟೆನ್ಸಿಯವರಾಗಿದ್ದರೆ ಅವರ ಕಮಿಷನ್ ಬರುವುದು ನೀವು ಕೆಲಸಕ್ಕೆ ಸೇರಿದ ಮೇಲೆ. ನಮ್ಮಲ್ಲಿ ವಾರ್ಷಿಕ ಸಿಟಿಸಿಯ 8.33 ಶೇಕಡ, ಅಂದರೆ ಒಂದು ತಿಂಗಳ ಮೊತ್ತ, ರೂಢಿಯಲ್ಲಿರುವ ದರ. ನಿಮಗೆ ಐವತ್ತು ಸಾವಿರ ಹೆಚ್ಚು ಕೊಡಿಸಿದರೆ ಅವರಿಗೆ ಸಿಗುವುದು ನಾಲ್ಕು ಸಾವಿರ ಚಿಲ್ಲರೆ. ಅದಕ್ಕಿಂತ ಬೇಗ ಜಾಗ ತುಂಬುವುದೇ ಅವರಿಗೆ ಲಾಭ. ಹಾಗೆಂದು ಅವರು ಕೆಟ್ಟವರಲ್ಲ. ಎಷ್ಟೋ ಸಲ ಅವರೂ ಚನ್ನರಾಯಪಟ್ಟಣದಿಂದಲೋ ಹೊಳೆನರಸೀಪುರದಿಂದಲೋ ಹೋಗಿ, ದಿನಕ್ಕೆ ಇಷ್ಟು ಕರೆ ಎಂಬ ಗುರಿ ಹೊತ್ತು ಕೂತ ನಮ್ಮಂಥದೇ ಮಕ್ಕಳು. ಆದರೆ ಅವರ ಲಾಭವೂ ನಿಮ್ಮ ಲಾಭವೂ ಒಂದೇ ಅಲ್ಲ ಎಂಬುದು ನೆನಪಿರಲಿ.

ನನ್ನ ಚಿಕ್ಕಮ್ಮನ ಮಗಳ ವಿಷಯ ಹೇಳುತ್ತೇನೆ. ಅರಕಲಗೂಡು ತಾಲ್ಲೂಕಿನವಳು, ಬಿ.ಕಾಂ. ಮುಗಿಸಿ ಹಾಸನದ ಒಂದು ಆಡಿಟರ್ ಕಚೇರಿಯಲ್ಲಿ ಎರಡೂವರೆ ವರ್ಷ ದುಡಿದವಳು. ತಿಂಗಳಿಗೆ 18,000 ರೂಪಾಯಿ. ಬೆಂಗಳೂರಿನ ಕಂಪನಿಯೊಂದರ ಅಕೌಂಟ್ಸ್ ವಿಭಾಗಕ್ಕೆಂದು ಅವಳಿಗೆ ಬಂದ ಮೊದಲ ಕರೆಯ ಮಾತುಗಳನ್ನು ಅವಳು ನನಗೆ ಸಾಲುಸಾಲಾಗಿ ಹೇಳಿದ್ದಾಳೆ.

‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಅವಳು ಕಾಲೇಜಿನಲ್ಲಿ ಬಾಯಿಪಾಠ ಮಾಡಿಸಿದ್ದನ್ನೇ ಹೇಳಿದಳು. ಹೆಸರು, ಊರು, ಅಪ್ಪ ಕೃಷಿಕ, ಅಮ್ಮ ಗೃಹಿಣಿ, ಒಬ್ಬ ತಮ್ಮ, ಹವ್ಯಾಸ ಹಾಡು ಕೇಳುವುದು, ‘ಐ ಆ್ಯಮ್ ಎ ಹಾರ್ಡ್ ವರ್ಕರ್’. ಇದನ್ನು ಕೇಳಿ ನಗುವವರಿದ್ದಾರೆ. ನಾನು ನಗುವುದಿಲ್ಲ. ನಮ್ಮ ಕಡೆ ಹೊಸಬರು ಎದುರಾದರೆ ‘ಯಾವೂರು? ಯಾರ ಮಗಳು?’ ಎಂದೇ ಕೇಳುತ್ತಾರೆ. ಆ ಪ್ರಶ್ನೆಗೆ ಇದು ಸರಿಯಾದ ಉತ್ತರ, ಅಲ್ಲಿ ಅದರಿಂದ ನಂಬಿಕೆ ಹುಟ್ಟುತ್ತದೆ. ಫೋನಿನಲ್ಲಿ ಕೇಳಿದ ಪ್ರಶ್ನೆ ಮಾತ್ರ ಅದಲ್ಲ. ಈ ವಿವರಗಳಲ್ಲಿ ಒಂದೂ ‘ಹೊಂದುವ ಅನುಭವ’ ಎಂಬ ಕಾಲಂಗೆ ಸೇರುವುದಿಲ್ಲ. ಸೇರುವುದೇನಿದ್ದರೂ ಒಂದೇ ಸಂಗತಿ: ಈ ಹುಡುಗಿಗೆ ಕೆಲಸ ಬೇಕೇ ಬೇಕು ಎಂಬುದು.

ಅವಳು ಹೇಳಬಹುದಾಗಿದ್ದದ್ದು ಬೇರೆಯೇ ಇತ್ತು. ಆಡಿಟರ್ ಕಚೇರಿಯಲ್ಲಿ ಅವಳು ಸುಮಾರು ನಲವತ್ತು ವ್ಯಾಪಾರಿಗಳ ಜಿಎಸ್‌ಟಿ ನೋಡಿಕೊಳ್ಳುತ್ತಿದ್ದಳು. ಪ್ರತಿ ತಿಂಗಳು 11ರೊಳಗೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಕಟ್ಟುವ 3ಬಿ. ನಡುವೆ ಖರೀದಿಯ ಬಿಲ್ಲುಗಳನ್ನು 2ಬಿ ಪಟ್ಟಿಯೊಂದಿಗೆ ತಾಳೆ ನೋಡಿ, ಯಾವ ಬಿಲ್ಲಿನ ತೆರಿಗೆ ವಾಪಸು ಪಡೆಯಬಹುದು, ಯಾವುದು ಇನ್ನೂ ಬಂದಿಲ್ಲ ಎಂದು ಗುರುತಿಸುವುದು. ಇದು ಬೆಂಗಳೂರಿನ ಅಕೌಂಟ್ಸ್ ವಿಭಾಗಕ್ಕೆ ನೇರವಾಗಿ ಬೇಕಾದ ಕೆಲಸ. ಎರಡನೆಯ ಕರೆ ಬರುವ ಹೊತ್ತಿಗೆ ನಾವಿಬ್ಬರೂ ಕೂತು ಇದನ್ನು ನಾಲ್ಕು ವಾಕ್ಯಕ್ಕೆ ಇಳಿಸಿದ್ದೆವು: ‘ಎರಡೂವರೆ ವರ್ಷದಿಂದ ಆಡಿಟರ್ ಕಚೇರಿಯಲ್ಲಿ ಇದ್ದೇನೆ. ನಲವತ್ತು ಕಕ್ಷಿದಾರರ ತಿಂಗಳ ಜಿಎಸ್‌ಟಿ ರಿಟರ್ನ್ ನಾನೇ ಸಿದ್ಧ ಮಾಡುತ್ತೇನೆ. 2ಬಿ ತಾಳೆ, ಟ್ಯಾಲಿ, ಟಿಡಿಎಸ್ ಮೂರೂ ಗೊತ್ತು. ಇನ್ನು ಮುಂದೆ ಹಲವು ಸಣ್ಣ ಲೆಕ್ಕಗಳ ಬದಲು ಒಂದೇ ದೊಡ್ಡ ಕಂಪನಿಯ ಲೆಕ್ಕ ನೋಡಬೇಕೆಂದಿದ್ದೇನೆ.’ ಅರ್ಧ ನಿಮಿಷದ ಮಾತು. ಮಾಡಿದ ಕೆಲಸ, ಅದರ ಪ್ರಮಾಣ, ಗೊತ್ತಿರುವ ಸಾಧನ, ಈ ಕೆಲಸ ಏಕೆ ಎಂಬ ನಾಲ್ಕೂ ಅದರಲ್ಲಿವೆ. ಊರಿನ ಹೆಸರು ಬೇಕಿದ್ದರೆ ಅವರೇ ಕೇಳುತ್ತಾರೆ.

ಎರಡನೆಯ ಪ್ರಶ್ನೆ, ‘ಯಾವಾಗ ಸೇರಬಹುದು?’ ಮೊದಲ ಕರೆಯಲ್ಲಿ ಅವಳು ‘ಹದಿನೈದು ದಿನ ಸಾಕು ಸರ್, ಬೇಕಾದ್ರೆ ಇನ್ನೂ ಬೇಗ’ ಎಂದಿದ್ದಳು. ‘ಇಮ್ಮೀಡಿಯೆಟ್ ಜಾಯ್ನರ್’ ಆದರೆ ಬೇಗ ಆಯ್ಕೆಯಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಅದು ಸುಳ್ಳಲ್ಲ, ಈಗಷ್ಟೇ ಓದು ಮುಗಿಸಿದವರಿಗೆ ಅದೊಂದು ಅನುಕೂಲವೇ. ಆದರೆ ಕೆಲಸದಲ್ಲಿರುವವರು ಕೊಟ್ಟ ದಿನಾಂಕ ಬಾಯಿಮಾತಾಗಿ ಉಳಿಯುವುದಿಲ್ಲ, ಆಫರ್ ಪತ್ರದಲ್ಲಿ ಅಚ್ಚಾಗುತ್ತದೆ. ಹೊಸ ಕಂಪನಿ ಹಳೆಯ ಕಡೆಯಿಂದ ರಿಲೀವಿಂಗ್ ಲೆಟರ್ ಕೇಳುತ್ತದೆ. ನೇಮಕಾತಿ ಪತ್ರದಲ್ಲಿ ಅರವತ್ತು ದಿನದ ನೋಟಿಸ್ ಎಂದಿದ್ದು, ನೀವು ಹದಿನೈದೇ ದಿನಕ್ಕೆ ಹೊರಟರೆ ಆ ಪತ್ರ ಸಿಗದೆ ಹೋಗಬಹುದು, ಇಲ್ಲವೇ ಉಳಿದ ದಿನಗಳ ಸಂಬಳವನ್ನು ನೀವೇ ಕಟ್ಟಬೇಕಾಗಬಹುದು. ಆದ್ದರಿಂದ ಕರೆ ಬರುವ ಮೊದಲೇ ಆ ಪತ್ರ ತೆಗೆದು ಓದಿ.

ಹಾಸನದಂಥ ಊರಿನ ತೊಂದರೆ ಬೇರೆಯದು. ಸಣ್ಣ ಕಚೇರಿ, ಅಂಗಡಿ, ಖಾಸಗಿ ಶಾಲೆಗಳಲ್ಲಿ ಎಷ್ಟೋ ಕಡೆ ನೇಮಕಾತಿ ಪತ್ರವೇ ಇರುವುದಿಲ್ಲ. ಪೇ ಸ್ಲಿಪ್ಪೂ ಇಲ್ಲ. ನನ್ನ ತಂಗಿಯ ಬಳಿ ಇದ್ದದ್ದು ಬ್ಯಾಂಕಿನ ಪಾಸ್‌ಬುಕ್ ಮಾತ್ರ. ಇಂಥವರು ಮೊದಲು ಮಾಲೀಕರ ಹತ್ತಿರ ಮಾತಾಡಿ, ಎಂದಿನಿಂದ ಯಾವ ಕೆಲಸ ಮಾಡುತ್ತಿದ್ದೇನೆಂದು ಲೆಟರ್‌ಹೆಡ್ ಮೇಲೆ ಅನುಭವ ಪತ್ರ ಬರೆಸಿಕೊಳ್ಳಬೇಕು. ಸಂಬಳ ಕೈಗೆ ಕೊಡುವ ಕಡೆಯಾದರೆ ಕೆಲವು ತಿಂಗಳಾದರೂ ಖಾತೆಗೆ ಹಾಕಿಸಿಕೊಳ್ಳಬೇಕು. ಎರಡನೆಯ ಕರೆಯಲ್ಲಿ ಅವಳ ಉತ್ತರ ಹೀಗಿತ್ತು: ‘ಆಫರ್ ಪತ್ರ ಕೈಗೆ ಬಂದ ದಿನದಿಂದ ಮೂವತ್ತು ದಿನ. ಈ ತಿಂಗಳ 20ರ ರಿಟರ್ನ್ ಮುಗಿಸಿ, ಕಡತಗಳನ್ನು ಒಪ್ಪಿಸಿ ಬರುತ್ತೇನೆ.’ ಬೇಗ ಬರುತ್ತೇನೆ ಎಂಬ ಗೋಗರೆತಕ್ಕಿಂತ ಇದರಲ್ಲಿ ಹೆಚ್ಚು ಅರ್ಥವಿದೆ. ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ ಎಂದು ಬಾಯಿಬಿಟ್ಟು ಹೇಳದೆಯೇ ತಿಳಿಯುತ್ತದೆ.

ಈಗ ಜಗಳದ ಮುಖ್ಯ ಭಾಗಕ್ಕೆ ಬರೋಣ. ಮೊದಲ ಕರೆಯಲ್ಲಿ ‘ಈಗಿನ ಸಂಬಳ?’ ಎಂದರು. ‘ಹದಿನೆಂಟು ಸಾವಿರ ಸರ್.’ ‘ಎಷ್ಟು ನಿರೀಕ್ಷೆ?’ ಎಂದರು. ‘ಕಂಪನಿಯ ರೂಲ್ಸ್ ಪ್ರಕಾರ ಸರ್, ನೆಗೋಷಿಯಬಲ್.’ ‘ಮೂವತ್ತು ಪರ್ಸೆಂಟ್ ಹೈಕ್ ಓಕೆನಾ?’ ಎಂದರು. ಓಕೆ ಎಂದಳು. ಮೂವತ್ತು ಎಂಬುದು ದೊಡ್ಡ ಸಂಖ್ಯೆಯ ಹಾಗೆ ಕೇಳಿಸಿತು. ಸಂಜೆ ಫೋನ್ ಮಾಡಿ ‘ಅಕ್ಕಾ, ಹೂಂ ಅಂದ್ಬಿಟ್ಟೆ, ಸರೀನಾ?’ ಎಂದು ಕೇಳಿದಳು. ಇಬ್ಬರೂ ಲೆಕ್ಕ ಹಾಕಿದೆವು.

18,000ಕ್ಕೆ ಮೂವತ್ತು ಶೇಕಡ ಸೇರಿಸಿದರೆ 23,400. ಇದು ಸಿಟಿಸಿಯ ಲೆಕ್ಕವಾದರೆ, ಪಿಎಫ್‌ನಲ್ಲಿ ಕಂಪನಿಯ ಪಾಲು, ಅವಳ ಪಾಲು, ಗ್ರಾಚ್ಯುಟಿಯ ಮೊತ್ತ ಎಲ್ಲ ಕಳೆದು ಕೈಗೆ ಬರುವುದು ಸುಮಾರು 20,000. ಬೆಂಗಳೂರಿನಲ್ಲಿ ಊಟ ಸೇರಿ ಪಿಜಿಗೆ ಅವಳು ವಿಚಾರಿಸಿದ ಬಾಡಿಗೆ 10,000. ಮೆಟ್ರೊ, ಆಟೊ, ಊರಿಗೆ ಹೋಗಿ ಬರುವುದು, ಕೈಖರ್ಚು ಸೇರಿ 4,000. ಉಳಿಯುವುದು 6,000. ಅರಕಲಗೂಡಿನಿಂದ ಹಾಸನಕ್ಕೆ ಸುಮಾರು ಮೂವತ್ತು ಕಿಲೋಮೀಟರ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಖರ್ಚಿಲ್ಲ. ಊಟ ಮನೆಯದು. 18,000ದಲ್ಲಿ 3,000 ಖರ್ಚಾದರೂ 15,000 ಉಳಿಯುತ್ತಿತ್ತು. ಮೂವತ್ತು ಶೇಕಡ ಹೆಚ್ಚು ಸಂಬಳ ಎಂದು ಹೇಳಿ, ತಿಂಗಳಿಗೆ ಒಂಬತ್ತು ಸಾವಿರ ಕಡಿಮೆ ಉಳಿತಾಯದ ಬದುಕನ್ನು ಅವಳ ಮುಂದಿಟ್ಟಿದ್ದರು. ಅವಳು ಆ ಕೆಲಸಕ್ಕೆ ಹೋಗಲಿಲ್ಲ.

ಯಾರೂ ಮೋಸ ಮಾಡಲಿಲ್ಲ. ಆದರೆ ಆ ಲೆಕ್ಕದ ತಳಪಾಯವೇ ತಪ್ಪು. ಆ ಕೆಲಸದ ಬೆಲೆಯನ್ನು ಆ ಕೆಲಸದಿಂದ ಅಳೆಯಲಿಲ್ಲ, ಅವಳು ಹಿಂದೆ ಎಷ್ಟು ಕಡಿಮೆಗೆ ದುಡಿದಳು ಎಂಬುದರಿಂದ ಅಳೆದರು. ಅದೇ ಕುರ್ಚಿಗೆ ಬೆಂಗಳೂರಿನಲ್ಲೇ 30,000 ಪಡೆಯುತ್ತಿದ್ದವರು ಬಂದರೆ ಅದೇ ಮೂವತ್ತು ಶೇಕಡ ಸೇರಿ 39,000 ಆಗುತ್ತದೆ. ಕೆಲಸ ಒಂದೇ, ಮೇಜು ಒಂದೇ, ವ್ಯತ್ಯಾಸ ಹಾಸನದ್ದು. ಸಣ್ಣ ಊರಿನ ಕಡಿಮೆ ಸಂಬಳ ಹೀಗೆ ಬೆನ್ನು ಬಿಡದೆ ಒಂದು ಕೆಲಸದಿಂದ ಇನ್ನೊಂದಕ್ಕೆ ಹಿಂಬಾಲಿಸುತ್ತದೆ. ಚನ್ನರಾಯಪಟ್ಟಣದ ತೆಂಗಿನ ತೋಟದವರನ್ನು ಕೇಳಿ ನೋಡಿ. ಕೊಬ್ಬರಿ ಕೊಳ್ಳಲು ಬಂದವನು ತಿಪಟೂರಿನ ಇವತ್ತಿನ ದರದ ಮೇಲೆ ಮಾತು ಶುರು ಮಾಡುತ್ತಾನೆಯೇ ಹೊರತು, ‘ಹೋದ ವರ್ಷ ಎಷ್ಟಕ್ಕೆ ಮಾರಿದ್ದೆ? ಅದಕ್ಕೆ ಸ್ವಲ್ಪ ಸೇರಿಸಿ ಕೊಡ್ತೀನಿ’ ಅನ್ನುವುದಿಲ್ಲ. ಅಂದರೆ ತೋಟದವರು ಅವನನ್ನು ಗೇಟಿನಾಚೆ ಕಳಿಸುತ್ತಾರೆ. ಆ ಮನೆಯದೇ ಮಕ್ಕಳು ಫೋನಿನಲ್ಲಿ ಇದೇ ಪ್ರಶ್ನೆಗೆ ‘ಸರ್’ ಸೇರಿಸಿ ಉತ್ತರ ಕೊಡುತ್ತಾರೆ.

ಇದು ಪ್ರಕೃತಿ ನಿಯಮವೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿ 1ರಿಂದ ಅರ್ಜಿದಾರರ ಹಳೆಯ ಸಂಬಳ ಕೇಳುವುದನ್ನು ಕಾನೂನೇ ತಡೆದಿದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಹೊರಡಿಸಿದ ವೇತನ ಪಾರದರ್ಶಕತೆಯ ನಿರ್ದೇಶನ ಹಳೆಯ ಸಂಬಳ ಕೇಳಬಾರದು ಎನ್ನುತ್ತದೆ, ಜೊತೆಗೆ ಸಂಬಳದ ಮಿತಿಯನ್ನು ಮೊದಲೇ ತಿಳಿಸಬೇಕು ಎನ್ನುತ್ತದೆ. ಅದನ್ನು ತಮ್ಮ ಕಾನೂನಿಗೆ ಸೇರಿಸಿಕೊಳ್ಳಲು ಸದಸ್ಯ ದೇಶಗಳಿಗಿದ್ದ ಗಡುವು 2026ರ ಜೂನ್ 7. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಸರ್ಕಾರಿ ಹುದ್ದೆಯ ಅಧಿಸೂಚನೆ ನೋಡಿ, ವೇತನ ಶ್ರೇಣಿ ಅದರಲ್ಲೇ ಅಚ್ಚಾಗಿರುತ್ತದೆ. ಯುಜಿಸಿಯ ಜೆಆರ್‌ಎಫ್ ಮೊತ್ತ 2023ರಿಂದ ತಿಂಗಳಿಗೆ 37,000 ಎಂಬುದು ಅರ್ಜಿ ಹಾಕುವ ಮೊದಲೇ ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚೆ ನೀವು ಅತಿಥಿ ಉಪನ್ಯಾಸಕರಾಗಿ ಎಷ್ಟು ತೆಗೆದುಕೊಳ್ಳುತ್ತಿದ್ದಿರಿ ಎಂದು ಯಾರೂ ಕೇಳುವುದಿಲ್ಲ. ನಮ್ಮ ಊರಿನವರು ಸರ್ಕಾರಿ ಕೆಲಸಕ್ಕೆ ಹಂಬಲಿಸುವುದನ್ನು ಸೋಮಾರಿತನ ಎನ್ನುವವರು ಈ ಒಂದು ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಅಲ್ಲಿ ಬೆಲೆ ಬೋರ್ಡಿನ ಮೇಲಿದೆ.

ಭಾರತದ ಖಾಸಗಿ ವಲಯದಲ್ಲಿ ಅಂಥ ತಡೆಯಿಲ್ಲ, ಆದ್ದರಿಂದ ಕೇಳಿಯೇ ಕೇಳುತ್ತಾರೆ. ಆಗ ಏನು ಮಾಡಬೇಕು? ಎರಡನೆಯ ಕರೆ ಹೀಗೆ ನಡೆಯಿತು. ಅದು ಬಂದಾಗ ಅವಳು ಬಸ್ಸಿನಲ್ಲಿದ್ದಳು. ‘ಅರ್ಧ ಗಂಟೆ ಬಿಟ್ಟು ನಾನೇ ಮಾಡ್ತೀನಿ, ಕಂಪನಿ ಹೆಸರು, ಕೆಲಸದ ವಿವರ ಮೇಲ್ ಮಾಡಿ’ ಎಂದಳು. ಇದಕ್ಕೆ ಯಾರೂ ಬೇಸರಿಸುವುದಿಲ್ಲ. ಮೇಲ್ ಬಂತು, ಓದಿಕೊಂಡು ತಿರುಗಿ ಕರೆ ಮಾಡಿದಳು. ಈಗಿನ ಸಂಬಳ ಕೇಳಿದಾಗ, ‘ಅದು ಹಾಸನದ ಸಣ್ಣ ಕಚೇರಿಯ ಸಂಬಳ, ಈ ಕೆಲಸಕ್ಕೆ ಹೋಲಿಕೆಯಾಗೋಲ್ಲ. ಈ ಹುದ್ದೆಗೆ ಎಷ್ಟು ಬಜೆಟ್ ಇಟ್ಟಿದ್ದೀರಾ?’ ಎಂದಳು. ಆ ಕಡೆ ಒಂದು ಕ್ಷಣ ಮೌನ. ನಂತರ, ‘4.2ರಿಂದ 4.8 ಲಕ್ಷ’. ಅಷ್ಟರಲ್ಲೇ ಮಾತಿನ ತಳಪಾಯ ಬದಲಾಯಿತು. ಆಮೇಲೆ ‘ಆದ್ರೂ ಕಾಲಂ ಖಾಲಿ ಬಿಡೋಕಾಗಲ್ಲ ಮ್ಯಾಮ್’ ಎಂದರು. ಅವಳು ಇದ್ದ ಹಾಗೆ ಹೇಳಿದಳು: ‘18,000. ಆದರೆ ನಾನು ಕೇಳುತ್ತಿರುವುದು ಈ ಕೆಲಸದ ಮೇಲೆ. 4.8.’

ಇಲ್ಲಿ ಎರಡು ಎಚ್ಚರ ಬೇಕು. ಹಳೆಯ ಸಂಬಳವನ್ನು ಹೆಚ್ಚಿಸಿ ಹೇಳಬಾರದು. ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರಂ 16 ಕೇಳುತ್ತಾರೆ. ಅಲ್ಲಿ ಸಿಕ್ಕಿಬಿದ್ದರೆ ಆಫರ್ ಪತ್ರ ಬಂದ ಮೇಲೂ ಅದನ್ನು ಹಿಂತೆಗೆಯಬಹುದು. ಇನ್ನೊಂದು, ‘4.2ರಿಂದ 4.8’ ಎಂದು ನೀವೂ ಮಿತಿಯಲ್ಲಿ ಉತ್ತರಿಸಿದರೆ ಆ ಕಡೆ ಬರೆದುಕೊಳ್ಳುವುದು 4.2 ಮಾತ್ರ. ನಿಮ್ಮ ಮಿತಿಯ ಕೆಳಗಿನ ಸಂಖ್ಯೆಯೂ ನಿಮಗೆ ಸಂತೋಷ ಕೊಡುವಂಥದ್ದೇ ಆಗಿರಬೇಕು.

ಆ ಸಂತೋಷ ಎಷ್ಟರದು ಎಂಬುದನ್ನು ಸಿಟಿಸಿ ನೋಡಿ ಹೇಳಲಾಗದು. 4.8 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 40,000. ಅದರ ಅರ್ಧ ಮೂಲ ವೇತನ, 20,000 ಎಂದಿಟ್ಟುಕೊಳ್ಳಿ. ಹತ್ತು ಶೇಕಡ ‘ವೇರಿಯಬಲ್’, ಅಂದರೆ ವರ್ಷದ ಕೊನೆಗೆ ಬಂದರೆ ಬಂತು ಎನ್ನುವ ಹಣ, 4,000. ಪಿಎಫ್‌ಗೆ ಕಂಪನಿಯ ಪಾಲು, 15,000ದ ಮಿತಿಯ ಮೇಲೆ ಹನ್ನೆರಡು ಶೇಕಡದಂತೆ, 1,800. ಸಾಮಾನ್ಯವಾಗಿ ಐದು ವರ್ಷ ಸೇವೆ ಪೂರೈಸಿದ ಮೇಲೆ ಸಿಗುವ ಗ್ರಾಚ್ಯುಟಿಗೆ 962. ವಿಮೆಗೆ 500 ಎಂದುಕೊಳ್ಳೋಣ. ಇವೆಲ್ಲ ಹೋದರೆ 32,738. ಅದರಲ್ಲಿ ಅವಳ ಪಿಎಫ್ ಪಾಲು 1,800, ವೃತ್ತಿ ತೆರಿಗೆ 200 ಕಳೆದರೆ ಕೈಗೆ 30,738. ಪಿಜಿ ಮತ್ತು ಓಡಾಟದ 14,000 ತೆಗೆದರೆ ಉಳಿಯುವುದು 16,700 ಚಿಲ್ಲರೆ. ಅರಕಲಗೂಡಿನಲ್ಲಿ ಉಳಿಯುತ್ತಿದ್ದ 15,000ಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು, ಜೊತೆಗೆ ಪಿಎಫ್ ಖಾತೆಗೆ 3,600. ದುರಾಸೆ ಎಂದು ಅವಳಿಗೆ ಅನ್ನಿಸಿದ್ದ ಸಂಖ್ಯೆ, ಊರು ಬಿಡುವುದಕ್ಕೆ ಬೇಕಾದ ಕನಿಷ್ಠದ ಹತ್ತಿರವೇ ಇತ್ತು.

ಕೊನೆಗೆ ಕಂಪನಿ ಕೊಡಲು ಒಪ್ಪಿದ್ದು 4.56 ಲಕ್ಷ. ಅವಳು ಜಗ್ಗಾಡಲಿಲ್ಲ, ವೇರಿಯಬಲ್ ಇಲ್ಲದೆ ಪೂರ್ತಿ ಖಚಿತ ಸಂಬಳವಾಗಿ ಕೊಡಿ ಎಂದಳು. ಒಪ್ಪಿದರು. ಅದೇ ಲೆಕ್ಕದಲ್ಲಿ ಕೈಗೆ ಸುಮಾರು 32,800. ಕಡಿಮೆ ಸಿಟಿಸಿ, ಆದರೆ ತಿಂಗಳಿಗೆ ಎರಡು ಸಾವಿರ ಹೆಚ್ಚು. ವೇರಿಯಬಲ್ ಪೂರ್ತಿ ಬಂದಿದ್ದರೆ ವರ್ಷದ ಒಟ್ಟು ಮೊತ್ತ 4.8ರಲ್ಲೇ ಜಾಸ್ತಿ ಆಗುತ್ತಿತ್ತು, ನಿಜ. ಆದರೆ ಪಿಜಿಯವರು ಬಾಡಿಗೆಯನ್ನು ಪ್ರತಿ ತಿಂಗಳು ಕೇಳುತ್ತಾರೆ.

‘ಹೀಗೆಲ್ಲ ಮಾತಾಡಿದರೆ ಫೋನ್ ಇಟ್ಟುಬಿಡುತ್ತಾರೆ, ಇವಳಲ್ಲದಿದ್ದರೆ ಇನ್ನೂರು ಜನ ಇದ್ದಾರೆ’ ಎಂದು ಟ್ರೈನಿಂಗ್ ಕೊಡುವವರೊಬ್ಬರು ನನ್ನೊಡನೆ ವಾದಿಸಿದರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕ್ಯಾಂಪಸ್ಸಿಗೆ ಬಂದು ಒಟ್ಟಿಗೆ ನೂರಾರು ಜನರನ್ನು ಆರಿಸುವ ಕಂಪನಿಗಳ ಮೊತ್ತ ಮೊದಲೇ ನಿಗದಿಯಾಗಿರುತ್ತದೆ, ಅಲ್ಲಿ ಚೌಕಾಸಿಗೆ ಜಾಗವಿಲ್ಲ. ಕೈಗೆಷ್ಟು, ಬಾಂಡ್ ಎಷ್ಟು ವರ್ಷದ್ದು ಎಂದಷ್ಟೇ ಕೇಳಬಹುದು. ಹಳೆಯ ಸಂಬಳ ಹೇಳದೆ ಮುಂದಕ್ಕೇ ಹೋಗದ ರಿಕ್ರೂಟರುಗಳೂ ಇದ್ದಾರೆ. ಆದರೆ ‘ಬಜೆಟ್ ಎಷ್ಟು?’ ಎಂದು ಕೇಳಿದ ಮಾತ್ರಕ್ಕೆ ಕರೆ ಕತ್ತರಿಸುವವರು, ಆ ಬಜೆಟ್ಟನ್ನು ಹೇಳಲು ನಾಚುವಂಥದ್ದನ್ನೇ ಇಟ್ಟುಕೊಂಡಿರುತ್ತಾರೆ. ಉಳಿದ ಇನ್ನೂರು ಜನಕ್ಕೂ ಇದೇ ಪ್ರಶ್ನೆ ಕೇಳಲು ಕಲಿಸಿದರೆ ಆ ಬೆದರಿಕೆಯೂ ಉಳಿಯುವುದಿಲ್ಲ.

ಕಲಿಸಬೇಕಾದವರು ಕಲಿಸುತ್ತಿರುವುದು ಮಾತ್ರ ‘ನೆಗೋಷಿಯಬಲ್’ ಎಂಬ ಪದವನ್ನು. ಇಂಗ್ಲಿಷಿನಲ್ಲಿ ಅದರ ಅರ್ಥ ಮಾತುಕತೆಗೆ ಅವಕಾಶವಿದೆ ಎಂದು. ನಮ್ಮ ಮಕ್ಕಳ ಬಾಯಲ್ಲಿ ಅದರ ಅರ್ಥ ‘ನೀವು ಕೊಟ್ಟಷ್ಟು’. ನಿರೀಕ್ಷೆ ಎಂಬ ಮಾತೂ ಹಾಗೆಯೇ. ಕನ್ನಡದಲ್ಲಿ ನಿರೀಕ್ಷೆ ಅಂದರೆ ದಾರಿ ಕಾಯುವುದು. ಸಂಬಳದ ವಿಷಯದಲ್ಲಿ ಕಾಯುವ ಮಾತು ಬೇಡ, ಬೆಲೆ ಹೇಳುವ ಮಾತು ಬೇಕು. ದೊಡ್ಡವರ ಮುಂದೆ ದುಡ್ಡಿನ ಮಾತಾಡಬಾರದು ಎಂಬ ನಮ್ಮ ಮನೆಗಳ ಸಂಕೋಚವನ್ನು ತರಗತಿಯಲ್ಲಿ ಬಿಡಿಸುವ ಬದಲು, ಅದಕ್ಕೆ ಇಂಗ್ಲಿಷಿನ ಅಂಗಿ ತೊಡಿಸಿ ‘ಸಾಫ್ಟ್ ಸ್ಕಿಲ್’ ಎಂದು ಕರೆಯುತ್ತಿದ್ದೇವೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳಿಗೆ ನನ್ನ ಬೇಡಿಕೆ ಎರಡೇ. ಸಂಬಳದ ಮಿತಿಯನ್ನೂ ಕೈಗೆ ಬರುವ ಮೊತ್ತವನ್ನೂ ನೋಟಿಸ್ ಬೋರ್ಡಿನಲ್ಲಿ ಹಾಕದ ಕಂಪನಿಗೆ ನಿಮ್ಮ ಸಭಾಂಗಣ ಬಿಟ್ಟುಕೊಡಬೇಡಿ. ಮತ್ತು ಕೆಲಸಕ್ಕೆ ಸೇರಿದ ಹಳೆಯ ವಿದ್ಯಾರ್ಥಿಗಳಿಂದ ಹೆಸರಿಲ್ಲದೆ, ಯಾವ ಕೆಲಸಕ್ಕೆ ಎಷ್ಟು ಕೈಗೆ ಬರುತ್ತಿದೆ ಎಂಬ ಪಟ್ಟಿಯೊಂದನ್ನು ವರ್ಷವರ್ಷ ಬರೆಸಿ, ಗ್ರಂಥಾಲಯದಲ್ಲಿಡಿ. ‘ಎಷ್ಟು ಬೇಕು?’ ಎಂಬ ಪ್ರಶ್ನೆ ಬಂದಾಗ ಕೊನೆಯ ವರ್ಷದ ವಿದ್ಯಾರ್ಥಿಗೆ ತನ್ನ ಅಗತ್ಯದ ಬದಲು ಆ ಪಟ್ಟಿ ನೆನಪಾಗಬೇಕು.